ಖಾಲಿ ಜಾಗ ತುಂಬಿದರೆ ಸಾಲದು: ವಿಂಡೋಗಳ ಕನಿಷ್ಠಗಳಲ್ಲಿ ಗರಿಷ್ಠ ಹುಡುಕುವಾಗ ಆಗುವ ಒಂದು ತಪ್ಪು

ಪ್ರಶ್ನೆ: "ಒಂದು ಅರೇ ಕೊಟ್ಟಿರುತ್ತಾರೆ. 1ರಿಂದ n ತನಕ ಪ್ರತಿ ವಿಂಡೋ ಅಳತೆಗೂ, ಆ ಅಳತೆಯ ಎಲ್ಲಾ ವಿಂಡೋಗಳ ಕನಿಷ್ಠಗಳಲ್ಲಿ ದೊಡ್ಡದು ಯಾವುದು ಅಂತ ಹೇಳಬೇಕು. ನಾನು ಸ್ಟ್ಯಾಕ್ ಬಳಸಿ ಪ್ರತಿ ಅಂಶಕ್ಕೂ ಎಡಗಡೆಯ ಮೊದಲ ಚಿಕ್ಕದು, ಬಲಗಡೆಯ ಮೊದಲ ಚಿಕ್ಕದು ಹುಡುಕಿದೆ. `right - left - 1` ಅಂತ ಉದ್ದ ತೆಗೆದು, `ans` ಅರೇಯಲ್ಲಿ ಆ ಉದ್ದದ ಜಾಗದಲ್ಲಿ ದೊಡ್ಡ ಬೆಲೆ ಇಟ್ಟೆ. ಕೆಲವು ಜಾಗ 0 ಆಗಿಯೇ ಉಳಿದವು. ಅವನ್ನು ಬಲಪಕ್ಕದ ಬೆಲೆಯಿಂದ ತುಂಬಿದೆ. ಬಹಳಷ್ಟು ಟೆಸ್ಟ್ ಪಾಸಾದವು. ಆದರೆ `[3, 6, 5, 7, 2, 4, 4]` ಕೊಟ್ಟರೆ ಅಳತೆ 2ಕ್ಕೆ 4 ಬರುತ್ತದೆ, 5 ಬರಬೇಕು. 4 ಎರಡು ಸಲ ಇದೆಯಲ್ಲ, ಅದೇ ತೊಂದರೆ, ಒಂದು ಕಡೆ `<` ಬದಲು `<=` ಹಾಕು ಅಂದ ಗೆಳೆಯ. ಹಾಕಿದೆ, ಆಗಲೂ 4. ಎರಡೂ ಕಡೆ ಹಾಕಿದೆ, 5 ಬಂತು! ಈಗ ಸರಿ ಆಯ್ತಾ? ಯಾಕೆ ಸರಿ ಆಯ್ತು ಅಂತ ನನಗೇ ಗೊತ್ತಾಗ್ತಿಲ್ಲ."

ಉತ್ತರ: ಸರಿ ಆಗಿಲ್ಲ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು, ಈ ಅರೇಗೆ ಮಾತ್ರ ಸರಿ ಉತ್ತರ ಬಂದಿದೆ. ನಿಮ್ಮ ಹೊಸ ಕೋಡಿಗೆ `[2, 2]` ಕೊಟ್ಟು ನೋಡಿ. ಅಳತೆ 2ಕ್ಕೆ 2 ಬರಬೇಕು, 0 ಬರುತ್ತದೆ. ಆದರೆ ಗೊತ್ತಾಗದೆ ಪಾಸಾದ ಕೋಡನ್ನು ನೀವು ಅನುಮಾನದಿಂದ ನೋಡಿದಿರಲ್ಲ, ಅದು ಒಳ್ಳೆಯದೇ ಆಯ್ತು.

ನಿಮ್ಮ ಸ್ಟ್ಯಾಕ್ ಭಾಗ ಮೊದಲೇ ಸರಿ ಇತ್ತು. ಗೆಳೆಯರ ಸಲಹೆ ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆ ಲೆಕ್ಕದಿಂದ ಬಂದದ್ದು. ನಿಜವಾದ ತಪ್ಪು ಕೊನೆಯ ಹಂತದಲ್ಲಿದೆ: "0 ಇದ್ದರೆ ಮಾತ್ರ ತುಂಬು" ಅನ್ನುವಲ್ಲಿ.

ಮೊದಲು `ans`ನಲ್ಲಿ ನೀವು ಇಟ್ಟದ್ದು ಏನು ಅಂತ ನೋಡೋಣ. ಒಂದು ಅಂಶದಿಂದ ಎಡಕ್ಕೂ ಬಲಕ್ಕೂ ನಡೆಯುತ್ತಾ ಹೋಗಿ. ಅದಕ್ಕಿಂತ ಚಿಕ್ಕದು ಸಿಕ್ಕ ಕೂಡಲೇ ನಿಲ್ಲಿ. ನಡುವೆ ಸಿಗುವ ಜಾಗವೇ ಆ ಅಂಶದ ಹರವು ಅಂತ ಕರೆಯೋಣ. ಅದರೊಳಗೆ ಆ ಅಂಶವೇ ಕನಿಷ್ಠ. ಹರವಿನ ಉದ್ದ `right - left - 1`. ಎಡಕ್ಕೆ ಚಿಕ್ಕದೇ ಇಲ್ಲದಿದ್ದರೆ `left` -1, ಬಲಕ್ಕೆ ಇಲ್ಲದಿದ್ದರೆ `right` n. ಇವೆರಡೂ ಅರೇಯ ಹೊರಗಿನ ಜಾಗಗಳು. 0 ಮತ್ತು n-1 ಇಟ್ಟರೆ ಅಂಚು ಮುಟ್ಟುವ ಹರವುಗಳ ಉದ್ದ ಕಡಿಮೆ ಬರುತ್ತದೆ. ಇಲ್ಲಿ ಎಡವುವವರು ಬಹಳ ಜನ. ನೀವು ಎಡವಿಲ್ಲ.

ನಿಮ್ಮ ಅರೇಯನ್ನೇ ತೆಗೆದುಕೊಳ್ಳೋಣ. ಇಂಡೆಕ್ಸ್ 0ರಿಂದ ಶುರು.

ಮೊದಲ 3ಕ್ಕೆ ಎಡಗಡೆ ಏನೂ ಇಲ್ಲ. ಬಲಗಡೆ ಇಂಡೆಕ್ಸ್ 4ರಲ್ಲಿ 2 ಸಿಗುತ್ತದೆ. ಉದ್ದ 4 - (-1) - 1, ಅಂದರೆ 4. ಆಮೇಲಿನ 6ರ ಎರಡೂ ಪಕ್ಕ ಚಿಕ್ಕವೇ, ಉದ್ದ 1. 5ಕ್ಕೆ ಎಡದಲ್ಲಿ ಇಂಡೆಕ್ಸ್ 0ರ 3, ಬಲದಲ್ಲಿ ಇಂಡೆಕ್ಸ್ 4ರ 2. ಉದ್ದ 3. 7ರ ಉದ್ದ 1. 2 ಇಡೀ ಅರೇಗೇ ಚಿಕ್ಕದು, ಉದ್ದ 7. ಕೊನೆಯ ಎರಡು 4ಗಳಿಗೂ ಎಡದಲ್ಲಿ 2, ಬಲದಲ್ಲಿ ಅರೇಯ ಅಂಚು. ಎರಡರ ಉದ್ದವೂ 2.

ಈಗ `ans` ಹೀಗಿರುತ್ತದೆ. ಗೆರೆ ಅಂದರೆ ಖಾಲಿ:

```
k     : 1  2  3  4  5  6  7
ans[k]: 7  4  5  3  -  -  2
```

ಅಳತೆ 2ರಲ್ಲಿ 4, ಅಳತೆ 3ರಲ್ಲಿ 5. ಇದು ವಿಚಿತ್ರ ಅನ್ನಿಸಬೇಕು. ಮೂರು ಅಂಶಗಳ ಒಂದು ವಿಂಡೋದ ಕನಿಷ್ಠ 5 ಆಗಿದ್ದರೆ, ಅದರ ಒಂದು ತುದಿಯ ಅಂಶ ಕಿತ್ತುಹಾಕಿ. ಉಳಿದ ಎರಡರ ಕನಿಷ್ಠ 5ಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಅಂದರೆ ಅಳತೆ 2ರ ಉತ್ತರ ಕನಿಷ್ಠಪಕ್ಷ 5 ಇರಲೇಬೇಕು. ಹಾಗಿದ್ದೂ ಅಲ್ಲಿ 4 ಕೂತಿದೆ.

ಕಾರಣ ಇಷ್ಟೇ: ಈ ಹಂತದ `ans[k]` ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ. ಅದು ಉತ್ತರಿಸುವುದು "ಹರವು ಸರಿಯಾಗಿ k ಇರುವ ಅಂಶಗಳಲ್ಲಿ ದೊಡ್ಡದು ಯಾವುದು?" ಅನ್ನುವ ಪ್ರಶ್ನೆಗೆ. ನಮಗೆ ಬೇಕಾದದ್ದು "ಹರವು k ಅಥವಾ ಅದಕ್ಕಿಂತ ಜಾಸ್ತಿ ಇರುವ ಅಂಶಗಳಲ್ಲಿ ದೊಡ್ಡದು". ಅಳತೆ 2ರ ವಿಂಡೋಗೆ 4 ಮಾತ್ರ ಸ್ಪರ್ಧಿಯಲ್ಲ. ಹರವು 3 ಇರುವ 5 ಕೂಡ ಸ್ಪರ್ಧಿ, ಹರವು 4 ಇರುವ 3, ಹರವು 7 ಇರುವ 2 ಕೂಡ ಸ್ಪರ್ಧಿಗಳೇ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅದನ್ನು ತುಂಬಿದಿರಿ. ತುಂಬಿರುವ ಜಾಗದಲ್ಲೂ ತಪ್ಪು ಬೆಲೆ ಇರಬಹುದು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಬಲದಿಂದ ಎಡಕ್ಕೆ ಬರುತ್ತಾ, ಖಾಲಿ ಇರಲಿ ಬಿಡಲಿ, ಪ್ರತಿ ಜಾಗದಲ್ಲೂ ದೊಡ್ಡದನ್ನು ಇಡಬೇಕು: `ans[k] = max(ans[k], ans[k+1])`. ಕೈಯಲ್ಲೇ ಮಾಡಿ. ಅಳತೆ 7ಕ್ಕೆ 2. 6 ಮತ್ತು 5ಕ್ಕೂ ಅದೇ 2. ಅಳತೆ 4ರಲ್ಲಿ 3 ಮತ್ತು 2ರಲ್ಲಿ ದೊಡ್ಡದು 3. ಅಳತೆ 3ರಲ್ಲಿ 5. ಅಳತೆ 2ರಲ್ಲಿ 4 ಮತ್ತು 5ರಲ್ಲಿ ದೊಡ್ಡದು 5. ಅಳತೆ 1ರಲ್ಲಿ 7. ಉತ್ತರ 7, 5, 5, 3, 2, 2, 2. ಅಳತೆ 2ರ ಆರು ವಿಂಡೋಗಳನ್ನೂ ಬರೆದು ನೋಡಿದರೆ ಕನಿಷ್ಠಗಳು 3, 5, 5, 2, 2, 4. ದೊಡ್ಡದು 5. ತಾಳೆ ಆಯ್ತು.

ಇಷ್ಟೇ ಸಾಕಾ, ಯಾವುದೂ ತಪ್ಪಿಹೋಗುವುದಿಲ್ಲವಾ? ಎರಡು ಮಾತಿನಲ್ಲಿ ಖಾತ್ರಿ ಮಾಡಿಕೊಳ್ಳಬಹುದು. ಒಂದು ಅಂಶದ ಹರವು k ಅಥವಾ ಜಾಸ್ತಿ ಇದ್ದರೆ, ಹರವಿನ ಒಳಗೇ ಆ ಅಂಶವನ್ನು ಸೇರಿಸಿಕೊಂಡು k ಅಳತೆಯ ಒಂದು ವಿಂಡೋ ಕತ್ತರಿಸಬಹುದು. ಅದರ ಕನಿಷ್ಠ ಆ ಅಂಶವೇ. ಆದ್ದರಿಂದ ನಾವು ಇಲ್ಲದ ಬೆಲೆಯನ್ನು ಹೇಳುವುದಿಲ್ಲ. ಇನ್ನು ತಿರುಗಿಸಿ ನೋಡಿ. k ಅಳತೆಯ ಯಾವ ವಿಂಡೋದಲ್ಲಿ ಕನಿಷ್ಠ ಅತಿ ದೊಡ್ಡದಾಗಿದೆಯೋ ಅದನ್ನು ತೆಗೆದುಕೊಳ್ಳಿ. ಅದರ ಕನಿಷ್ಠ ಅಂಶಕ್ಕಿಂತ ಚಿಕ್ಕದು ಆ ವಿಂಡೋದೊಳಗೆ ಇಲ್ಲ. ಅಂದರೆ ಇಡೀ ವಿಂಡೋ ಆ ಅಂಶದ ಹರವಿನ ಒಳಗೇ ಇದೆ, ಹರವು k ಅಥವಾ ಜಾಸ್ತಿ. ಆದ್ದರಿಂದ ಸರಿಯಾದ ಬೆಲೆ ನಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ.

ಈಗ ಸಮ ಬೆಲೆಗಳ ವಿಷಯ. ನಿಮ್ಮ ಟೆಸ್ಟ್ ಕೆಟ್ಟದ್ದಕ್ಕೂ ಎರಡು 4 ಇದ್ದದ್ದಕ್ಕೂ ಸಂಬಂಧವಿಲ್ಲ. `[6, 5, 7, 2, 4, 3]` ಕೊಟ್ಟು ನೋಡಿ. ಯಾವ ಬೆಲೆಯೂ ಎರಡು ಸಲ ಬಂದಿಲ್ಲ. ಇಲ್ಲೂ 5ರ ಹರವು 3, ಕೊನೆಯ 3ರ ಹರವು 2. "0 ಇದ್ದರೆ ತುಂಬು" ಕೋಡ್ ಅಳತೆ 2ಕ್ಕೆ 3 ಹೇಳುತ್ತದೆ, ಸರಿ ಉತ್ತರ 5. ಗಮನಿಸಿ, ಅರೇಯಲ್ಲಿ ಎರಡು ಗುಡ್ಡಗಳಿವೆ. ಒಂದು ಅಗಲವಾದ ಎತ್ತರದ ಗುಡ್ಡ, ಪಕ್ಕದಲ್ಲಿ ಅದಕ್ಕಿಂತ ಕಿರಿದಾದ ತಗ್ಗಿನ ಗುಡ್ಡ. ನಿಮ್ಮ ಕೋಡ್ ಬೀಳುವುದು ಇಂಥ ಆಕಾರದಲ್ಲಿ. ಏರುತ್ತಲೇ ಹೋಗುವ ಅಥವಾ ಇಳಿಯುತ್ತಲೇ ಹೋಗುವ ಅರೇಯಲ್ಲಿ ದೊಡ್ಡ ಬೆಲೆಗೆ ಚಿಕ್ಕ ಹರವು ತಾನಾಗಿಯೇ ಬರುತ್ತದೆ. ಅಲ್ಲಿ ತಪ್ಪು ಕೋಡ್ ಕೂಡ ಪಾಸಾಗುತ್ತದೆ. ಬಹಳಷ್ಟು ಟೆಸ್ಟ್ ಪಾಸಾಗಿದ್ದು ಹೀಗೇ ಇರಬೇಕು.

ಹಾಗಾದರೆ "ಒಂದು ಕಡೆ `<`, ಇನ್ನೊಂದು ಕಡೆ `<=`" ಅನ್ನುವ ಮಾತು ಎಲ್ಲಿಂದ ಬಂತು? ಎಲ್ಲಾ ಉಪ-ಅರೇಗಳ ಕನಿಷ್ಠಗಳನ್ನು ಕೂಡಿಸುವ ಲೆಕ್ಕ ಒಂದಿದೆ. ಅದಕ್ಕೂ ಇದೇ ಸ್ಟ್ಯಾಕ್, ಇದೇ ಹರವು. ಅಲ್ಲಿ ಪ್ರತಿ ಉಪ-ಅರೇಯನ್ನೂ ಒಂದೇ ಒಂದು ಅಂಶದ ಲೆಕ್ಕಕ್ಕೆ ಬರೆಯಬೇಕು. ಎರಡು ಸಮ ಅಂಶಗಳು ಒಂದೇ ಉಪ-ಅರೇಯನ್ನು "ನನ್ನದು" ಅಂದರೆ ಮೊತ್ತ ಜಾಸ್ತಿಯಾಗುತ್ತದೆ. ಅಲ್ಲಿ ಆ ನಿಯಮ ಬೇಕೇ ಬೇಕು. ನಾವು ಕೂಡಿಸುತ್ತಿಲ್ಲ, ದೊಡ್ಡದನ್ನು ಆರಿಸುತ್ತಿದ್ದೇವೆ. ಅದೇ 4 ಎರಡು ಸಲ ಬಂದು ಕೈ ಎತ್ತಿದರೆ `max`ಗೆ ಏನೂ ನಷ್ಟವಿಲ್ಲ.

ಇಲ್ಲಿ ಬೇಕಾದ ಷರತ್ತು ಅದಕ್ಕಿಂತ ಸಡಿಲ: ಸಮ ಅಂಶಗಳ ಗುಂಪಿನಲ್ಲಿ ಒಂದಕ್ಕಾದರೂ ಪೂರ್ತಿ ಹರವು ಸಿಗಬೇಕು. ಎರಡೂ ಕಡೆ ನಿಜವಾಗಿ ಚಿಕ್ಕದು ಸಿಕ್ಕಾಗ ಮಾತ್ರ ನಿಂತರೆ ಎಲ್ಲವಕ್ಕೂ ಪೂರ್ತಿ ಸಿಗುತ್ತದೆ. ಎಡಗಡೆ ಮಾತ್ರ ಸಮ ಸಿಕ್ಕರೂ ನಿಂತರೆ ಗುಂಪಿನ ಮೊದಲನೆಯದಕ್ಕೆ, ಬಲಗಡೆ ಮಾತ್ರ ಹಾಗೆ ಮಾಡಿದರೆ ಕೊನೆಯದಕ್ಕೆ ಪೂರ್ತಿ ಸಿಗುತ್ತದೆ. ಈ ಮೂರೂ ಸರಿ. ಎರಡೂ ಕಡೆ ಸಮ ಸಿಕ್ಕ ಕೂಡಲೇ ನಿಂತರೆ ಮಾತ್ರ ಯಾರಿಗೂ ಪೂರ್ತಿ ಸಿಗುವುದಿಲ್ಲ.

ನೀವು ಮಾಡಿದ್ದು ಈ ನಾಲ್ಕನೆಯದು. ನಿಮ್ಮ ಅರೇಯಲ್ಲಿ ಆಗ ಏನಾಯ್ತು ನೋಡಿ. ಎರಡೂ 4ಗಳ ಉದ್ದ 2ರಿಂದ 1ಕ್ಕೆ ಇಳಿಯಿತು. `ans[2]` ಖಾಲಿಯಾಯಿತು. ಖಾಲಿ ಇದ್ದ ಕಾರಣಕ್ಕೆ ನಿಮ್ಮ ತುಂಬುವ ಸಾಲು ಅಲ್ಲಿಗೆ ಪಕ್ಕದ 5 ತಂದಿತು. ತಪ್ಪಾಗಿ ಕೂತಿದ್ದ 4 ಇನ್ನೊಂದು ತಪ್ಪಿನಿಂದ ಎದ್ದುಹೋಯಿತು, ಅಷ್ಟೇ. ಇದನ್ನು ಓದಿ ನನಗೆ ನಗು ಬಂತು, ಯಾಕಂದರೆ ನಾನೂ ಒಂದು ಸಲ ಇಂಥದ್ದೇ ಚಿಹ್ನೆ ಬದಲಿಸಿ, ಟೆಸ್ಟ್ ಹಸಿರಾದದ್ದು ನೋಡಿ, ಕಂಪ್ಯೂಟರ್ ಮುಚ್ಚಿ ಎದ್ದುಹೋಗಿದ್ದೆ. ಮರುದಿನ ಎಲ್ಲಾ ಬೆಲೆಯೂ ಒಂದೇ ಇರುವ ಇನ್‌ಪುಟ್ ಬಂದಾಗ ಬಂಡವಾಳ ಬಯಲಾಯಿತು.

ಕೋಡ್ ಬರೆಯುವ ದಾರಿ ಎರಡಿವೆ. ನೀವು ಈಗ ಮಾಡುತ್ತಿರುವಂತೆ ಎಡದ ಪಟ್ಟಿಗೆ ಒಂದು ಲೂಪ್, ಬಲದ ಪಟ್ಟಿಗೆ ಒಂದು ಲೂಪ್ ಇಡಬಹುದು. ಇದು ಉದ್ದ, ಆದರೆ ನಡುವೆ ಎರಡೂ ಪಟ್ಟಿ ಪ್ರಿಂಟ್ ಮಾಡಿ ನೋಡಬಹುದು. ಕಲಿಯುವಾಗ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇನ್ನೊಂದು, ಒಂದೇ ಲೂಪಿನಲ್ಲಿ ಮುಗಿಸುವುದು. ಒಂದು ಅಂಶ ಸ್ಟ್ಯಾಕಿನಿಂದ ಹೊರಬೀಳುವ ಕ್ಷಣದಲ್ಲಿ ಅದರ ಎರಡೂ ಗಡಿ ಗೊತ್ತಿರುತ್ತದೆ: ಬಲಗಡಿ ಅದನ್ನು ಹೊರಹಾಕಿದ ಅಂಶ, ಎಡಗಡಿ ಸ್ಟ್ಯಾಕಿನಲ್ಲಿ ಅದರ ಕೆಳಗಿದ್ದ ಅಂಶ.

```python
def max_of_min(a):
    n = len(a)
    ans = [float('-inf')] * (n + 2)
    st = []
    for i in range(n + 1):
        while st and (i == n or a[st[-1]] >= a[i]):
            j = st.pop()
            left = st[-1] if st else -1
            k = i - left - 1
            ans[k] = max(ans[k], a[j])
        st.append(i)
    for k in range(n - 1, 0, -1):
        ans[k] = max(ans[k], ans[k + 1])
    return ans[1:n + 1]
```

ನಿಮ್ಮ ಅರೇ ಮೇಲೆ ಇದನ್ನು ಓಡಿಸಿ. 3 ಒಳಗೆ, 6 ಒಳಗೆ. 5 ಬಂದಾಗ 6 ಹೊರಗೆ, ಉದ್ದ 1. 5 ಒಳಗೆ, 7 ಒಳಗೆ. ಇಂಡೆಕ್ಸ್ 4ರಲ್ಲಿ 2 ಬಂದಾಗ ಸಾಲಾಗಿ ಮೂರು ಬೀಳುತ್ತವೆ: 7 ಉದ್ದ 1, 5 ಉದ್ದ 3, 3 ಉದ್ದ 4. ಆಮೇಲೆ 2 ಒಳಗೆ, ಮೊದಲ 4 ಒಳಗೆ. ಎರಡನೇ 4 ಬಂದಾಗ `>=` ಇರುವ ಕಾರಣ ಮೊದಲ 4 ಹೊರಬೀಳುತ್ತದೆ, ಅದಕ್ಕೆ ಸಿಗುವ ಉದ್ದ 1 ಮಾತ್ರ. ಇದು ಮೊಟಕಾದ ಹರವು, ಆದರೂ ಚಿಂತೆಯಿಲ್ಲ. ಅರೇ ಮುಗಿದ ಮೇಲೆ, ಅಂದರೆ `i` 7 ಆದಾಗ, ಎರಡನೇ 4 ಉದ್ದ 2 ಪಡೆದು ಹೊರಬರುತ್ತದೆ. ಕೊನೆಗೆ 2, ಉದ್ದ 7. ಗುಂಪಿನ ಕೊನೆಯದಕ್ಕೆ ಪೂರ್ತಿ ಹರವು ಅಂತ ಮೇಲೆ ಹೇಳಿದೆನಲ್ಲ, ಅದು ಇದೇ.

ಲೂಪ್ `n`ವರೆಗೂ ಹೋಗುವುದನ್ನು ಮರೆಯಬೇಡಿ. ಮರೆತರೆ ಸ್ಟ್ಯಾಕಿನಲ್ಲಿ ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಇಡೀ ಅರೇಯ ಕನಿಷ್ಠವೂ ಅದರಲ್ಲಿ ಒಂದು. ಇನ್ನು ವೇಗದ ಮಾತು: ಲೂಪಿನೊಳಗೆ ಲೂಪ್ ಕಂಡು ಹೆದರಬೇಡಿ. ಪ್ರತಿ ಇಂಡೆಕ್ಸ್ ಒಂದು ಸಲ ಒಳಗೆ ಹೋಗುತ್ತದೆ, ಹೆಚ್ಚೆಂದರೆ ಒಂದು ಸಲ ಹೊರಬರುತ್ತದೆ. ಒಟ್ಟು ಕೆಲಸ O(n).

`ans`ಗೆ ಮೊದಲ ಬೆಲೆ 0 ಇಡದೆ `-inf` ಇಟ್ಟದ್ದಕ್ಕೂ ಕಾರಣವಿದೆ. `[-3, -1, -2]` ಇದ್ದರೆ ಸರಿ ಉತ್ತರ -1, -2, -3. ಮೊದಲೇ 0 ಕೂತಿದ್ದರೆ ಪ್ರತಿ `max`ನಲ್ಲೂ ಅದೇ ಗೆದ್ದು 0, 0, 0 ಬರುತ್ತದೆ. ಮತ್ತೆ, 0 ಅನ್ನುವುದು ಅರೇಯ ನಿಜವಾದ ಬೆಲೆಯೂ ಆಗಿರಬಹುದು. ಆಗ ಖಾಲಿ ಯಾವುದು, ಬೆಲೆ ಯಾವುದು ಅಂತ ಹೇಳುವುದು ಹೇಗೆ? `-inf` ಇಟ್ಟರೆ ಕೊನೆಗೆ ಎಲ್ಲಾದರೂ ಅದೇ ಉಳಿದುಬಿಟ್ಟರೆ ಅನ್ನುವ ಭಯ ಬೇಡ. ಇಡೀ ಅರೇಯ ಕನಿಷ್ಠದ ಹರವು n, ಹಾಗಾಗಿ `ans[n]` ತುಂಬೇ ತುಂಬುತ್ತದೆ, ಅಲ್ಲಿಂದ ಎಡಕ್ಕೆ ಹರಿದು ಬರುತ್ತದೆ. ಕೋಡ್ ಮುಗಿದ ಮೇಲೂ `-inf` ಕಂಡರೆ ಹರವಿನ ಲೆಕ್ಕವೇ ತಪ್ಪಿದೆ ಅಂತ ಅರ್ಥ. ಅಂದರೆ ಅದು ತಪ್ಪನ್ನು ಮುಚ್ಚಿಡದೆ ತೋರಿಸಿಕೊಡುತ್ತದೆ. 0 ಹಾಗಲ್ಲ, ಉತ್ತರದ ಹಾಗೇ ಕಾಣುತ್ತದೆ.

ಸ್ಟ್ಯಾಕ್ ಇಷ್ಟವಾಗದವರಿಗೆ ಇನ್ನೊಂದು ದಾರಿ ಇದೆ. ಸಮ ಬೆಲೆಯ ಗೊಂದಲವೇ ಇಲ್ಲದ ದಾರಿ ಅದು. ಅಂಶಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಒಂದೊಂದಾಗಿ ಅವುಗಳ ಜಾಗದಲ್ಲಿ ದೀಪ ಹಚ್ಚುತ್ತಾ ಹೋಗಿ. ಅಕ್ಕಪಕ್ಕದ ದೀಪಗಳು ಸೇರಿ ಸಾಲಾಗುತ್ತವೆ. ಅತಿ ಉದ್ದದ ಸಾಲು ಮೊದಲ ಸಲ k ಮುಟ್ಟಿದಾಗ ಹಚ್ಚಿದ ಬೆಲೆಯೇ k ಅಳತೆಯ ಉತ್ತರ. ನಿಮ್ಮ ಅರೇಯಲ್ಲಿ 7 ಹಚ್ಚಿದಾಗ ಸಾಲು 1. 6 ಹಚ್ಚಿದಾಗಲೂ 1, ಯಾಕಂದರೆ ಅವು ಅಕ್ಕಪಕ್ಕದಲ್ಲಿಲ್ಲ. 5 ಹಚ್ಚಿದ ಕೂಡಲೇ 6, 5, 7 ಸೇರಿ ಸಾಲು ಒಂದೇ ಏಟಿಗೆ 1ರಿಂದ 3ಕ್ಕೆ ಜಿಗಿಯುತ್ತದೆ. ಅಳತೆ 2 ಮತ್ತು 3 ಎರಡಕ್ಕೂ ಉತ್ತರ 5. ಎರಡು 4ಗಳು ಆಮೇಲೆ ಬಂದು ಉದ್ದ 2ರ ಸಾಲು ಮಾಡುತ್ತವೆ, ಆದರೆ ಅಷ್ಟರಲ್ಲಿ ಆ ಜಾಗ ತುಂಬಿದೆ. ನಿಮ್ಮ ಕೋಡಿನಲ್ಲಿ 4 ಯಾಕೆ ತಪ್ಪು ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ, ಅಲ್ವಾ? ಇದರ ಬೆಲೆ ಅಂದರೆ ಜೋಡಿಸುವ ಖರ್ಚು, O(n log n). ಸಾಲುಗಳನ್ನು ಸೇರಿಸಲು ಪ್ರತಿ ಸಾಲಿನ ಎರಡು ತುದಿಯಲ್ಲಿ ಅದರ ಉದ್ದ ಬರೆದಿಟ್ಟರೆ ಸಾಕು. n ಒಂದು ಲಕ್ಷ ಇದ್ದರೂ ಇದು ಆರಾಮವಾಗಿ ಓಡುತ್ತದೆ. ಪ್ರತಿ ಅಳತೆಗೂ ಬೇರೆ ಬೇರೆಯಾಗಿ ವಿಂಡೋ ಜಾರಿಸುವ O(n²) ದಾರಿ ಮಾತ್ರ ಅಷ್ಟು ದೊಡ್ಡ ಅರೇಗೆ ಬೇಡ, ಕೋಟಿಗಟ್ಟಲೆ ಹೆಜ್ಜೆಯಾಗುತ್ತದೆ.

ಬರೆದದ್ದು ಸರಿ ಇದೆಯಾ ಅಂತ ನೋಡಲು ಒಂದೆರಡು ಅಗ್ಗದ ಪರೀಕ್ಷೆಗಳಿವೆ. ಅಳತೆ 1ರ ಉತ್ತರ ಅರೇಯ ಗರಿಷ್ಠ ಆಗಿರಬೇಕು, ಅಳತೆ n ಉತ್ತರ ಅರೇಯ ಕನಿಷ್ಠ ಆಗಿರಬೇಕು, ನಡುವೆ ಎಲ್ಲೂ ಏರಬಾರದು. ನಿಮ್ಮ ಮೊದಲ ಕೋಡಿನ ಉತ್ತರ 7, 4, 5, 3, 2, 2, 2. 4ರಿಂದ 5ಕ್ಕೆ ಏರಿದೆ. ಸರಿ ಉತ್ತರ ಗೊತ್ತಿಲ್ಲದಿದ್ದರೂ ಇದು ತಪ್ಪು ಅಂತ ಹೇಳಬಹುದಿತ್ತು. ಕೊನೆಯ `max` ಲೂಪಿನ ದಿಕ್ಕು ತಿರುಗಿಸಿ ಎಡದಿಂದ ಬಲಕ್ಕೆ ಹೋದವರಿಗೆ ಎಲ್ಲಾ ಕಡೆ 7 ಬರುತ್ತದೆ. ಅದನ್ನೂ ಈ ಪರೀಕ್ಷೆ ಹಿಡಿಯುತ್ತದೆ.

ಇನ್ನೊಂದು ತಾಳೆ ನನಗೆ ಇಷ್ಟ. ಅರೇಯನ್ನು ಕಂಬಗಳ ಸಾಲು ಅಂದುಕೊಂಡು ಅದರೊಳಗಿನ ಅತಿ ದೊಡ್ಡ ಆಯತ ಹುಡುಕುವ ಲೆಕ್ಕ ನೀವು ಮಾಡಿರಬಹುದು. ಅಲ್ಲಿನ ಉತ್ತರ `k * ans[k]` ಬೆಲೆಗಳಲ್ಲಿ ದೊಡ್ಡದಕ್ಕೆ ಸಮ ಇರಬೇಕು. ನಿಮ್ಮ ಅರೇಯಲ್ಲಿ 7, 10, 15, 12, 10, 12, 14. ದೊಡ್ಡದು 15, ಅಂದರೆ 5 ಎತ್ತರ, 3 ಅಗಲ. ಆದರೆ ಇದೊಂದನ್ನೇ ನಂಬಬೇಡಿ. ನಿಮ್ಮ ತಪ್ಪು ಪಟ್ಟಿಯಲ್ಲೂ ದೊಡ್ಡದು 15ಯೇ, ಯಾಕಂದರೆ ಅಲ್ಲಿ ಕೆಟ್ಟದ್ದು ಅಳತೆ 2 ಮಾತ್ರ.

ನಿಜವಾಗಿ ನಂಬಬಹುದಾದದ್ದು ದಡ್ಡ ಕೋಡಿನ ಜೊತೆ ಹೋಲಿಕೆ:

```python
def brute(a):
    n = len(a)
    return [max(min(a[s:s+k]) for s in range(n-k+1))
            for k in range(1, n+1)]
```

ಉದ್ದ 1ರಿಂದ 8, ಬೆಲೆ -2ರಿಂದ 3ರ ತನಕ ಇರುವ ಯಾದೃಚ್ಛಿಕ ಅರೇಗಳನ್ನು ಕೆಲವು ಸಾವಿರ ಸಲ ಎರಡಕ್ಕೂ ಕೊಡಿ. ಬೆಲೆಗಳ ವ್ಯಾಪ್ತಿ ಬೇಕೆಂದೇ ಇಷ್ಟು ಚಿಕ್ಕದು. ದೊಡ್ಡ ವ್ಯಾಪ್ತಿ ಇಟ್ಟರೆ ಸಮ ಬೆಲೆಗಳು ಅಪರೂಪವಾಗಿ, `[2, 2]` ಥರದ ತಪ್ಪು ಸಿಗುವುದೇ ಇಲ್ಲ. ನಿಮ್ಮ ಮೊದಲ ಕೋಡನ್ನೂ ಒಂದು ಸಲ ಇದಕ್ಕೆ ಹಾಕಿ. `[3, 3, 1, 2]` ಥರದ್ದು ಬಂದರೆ ಅಳತೆ 1ಕ್ಕೇ 2 ಹೇಳುತ್ತದೆ, ಅರೇಯ ಗರಿಷ್ಠ 3 ಎದುರಿಗೇ ಇದ್ದರೂ.